ಪೃಥ್ವೀರಾಮನಿಗೆ ಉಧೋ ಅಂದರು

2025ರ ಭಾರತ ಹುಣ್ಣಿಮೆ ಮುಗಿದ ವಾರ. ಉಗರಗೋಳದಲ್ಲಿ ಇನ್ನೂ ಅರ್ಧ ಜಾತ್ರೆ ಉಳಿದಿತ್ತು. ಗುಡ್ಡದಿಂದ ಇಳಿದ ಟ್ರ್ಯಾಕ್ಟರುಗಳು, ಚಕ್ಕಡಿಗಳು ರಸ್ತೆ ಬದಿಗೆ ನಿಂತಿದ್ದವು, ಎಲ್ಲರ ಹಣೆಯಲ್ಲೂ ಭಂಡಾರ. ಆ ಸಂಜೆ ಊರಿನ ಒಂದು ಕಾರ್ಯಕ್ರಮದಲ್ಲಿ ನನ್ನ ಪ್ರಾಸ್ತಾವಿಕ ನುಡಿ. ಧಾರವಾಡದಿಂದ ಬಂದ ವಿದ್ವಾಂಸರೊಬ್ಬರು ಸವದತ್ತಿಯ ರಟ್ಟರ ಮೇಲೆ ಉಪನ್ಯಾಸ ಕೊಡುವವರು. ಅವರು ಏಳುವ ಮೊದಲು ವಿಷಯವನ್ನು ಜನರಿಗೆ ಪರಿಚಯಿಸುವ ಕೆಲಸ ನನ್ನದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ. ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ, ಎದೆಯುಬ್ಬಿಸಿಯೇ ಎದ್ದು ನಿಂತೆ.

ಮೊದಲನೆಯ ವಾಕ್ಯ ಓದುತ್ತಿದ್ದೆ. ‘ಪೃಥ್ವೀರಾಮನು’ ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈ ಜೋಡಿಸಿ ‘ಉಧೋ’ ಅಂದರು. ನಾನು ನಕ್ಕು ಮುಂದುವರಿದೆ. ಮತ್ತೊಂದು ವಾಕ್ಯಕ್ಕೆ ಮತ್ತೆ ಪೃಥ್ವೀರಾಮ ಬಂದ. ಈ ಸಲ ಅಜ್ಜಿಯ ಹಿಂದೆ ಕೂತಿದ್ದ ಹತ್ತಿಪ್ಪತ್ತು ಮಂದಿ ‘ಉಧೋ ಉಧೋ’ ಎಂದು ಕೂಗಿದರು. ಹಿಂದಿನ ಸಾಲಿನವರಿಗೆ ಯಾಕೆಂದು ಗೊತ್ತಿರಲಿಲ್ಲ. ಆದರೆ ನಮ್ಮ ಊರಲ್ಲಿ ಒಬ್ಬರು ಉಧೋ ಅಂದ ಮೇಲೆ ಇನ್ನೊಬ್ಬರು ಸುಮ್ಮನಿರುವ ಪದ್ಧತಿ ಇಲ್ಲ. ಇಡೀ ಪೆಂಡಾಲು ಕೂಗಿತು. ಯಾರೋ ಚೌಡಿಕೆ ಮೀಟಿದರು. ನಾನು ಕೈಯಲ್ಲಿ ಹಾಳೆ ಹಿಡಿದು ನಿಂತೇ ಇದ್ದೆ. ಗದ್ದಲ ಇಳಿದಾಗ ನಾನು ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತುಹೋಗಿತ್ತು. ಮತ್ತೆ ಮೊದಲಿನಿಂದ ಓದಲು ಹೊರಟೆ. ‘ಪೃಥ್ವೀ’ ಎನ್ನುವಷ್ಟರಲ್ಲಿ ಮೈಕು ಸತ್ತಿತು. ಕರೆಂಟು ಹೋಗಿರಲಿಲ್ಲ, ದೀಪಗಳು ಉರಿಯುತ್ತಿದ್ದವು. ಸಂಘಟಕರೊಬ್ಬರು ಪಕ್ಕಕ್ಕೆ ಬಂದು, ‘ಸಾಕ್ರೀ ಸರ್ರ, ಅತಿಥಿಗಳಿಗೆ ತಡಾ ಆಗತೈತಿ’ ಎಂದು ಶಾಲು ಹೊದಿಸಿಯೇ ಬಿಟ್ಟರು. ಅರ್ಧ ಮಾತಿಗೆ ಇಡೀ ಶಾಲು. ಅದನ್ನು ಇವತ್ತಿಗೂ ಹೊದ್ದುಕೊಂಡಿಲ್ಲ.

ಆ ಮನುಷ್ಯ ಆಮೇಲೆ ಎದುರಾದಾಗಲೆಲ್ಲ ‘ನಾವು ಎರಡು ನಿಮಿಷ ಅಂದಿದ್ದಿವ್ರಿ’ ಎನ್ನುತ್ತಾರೆ. ಸುಳ್ಳು. ‘ಸಂಕ್ಷಿಪ್ತವಾಗಿ’ ಎಂದಿದ್ದರು, ಎರಡು ನಿಮಿಷ ಅಂದಿರಲಿಲ್ಲ. ಮೈಕು ಬಂದ್ ಮಾಡಿದ್ದು ತಪ್ಪೇ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಹತ್ತು ತಿಂಗಳು ಅವರನ್ನೂ ಆ ಅಜ್ಜಿಯನ್ನೂ ಬೈದುಕೊಂಡು ಓಡಾಡಿದವನು, ಜನ ಯಾಕೆ ಉಧೋ ಅಂದರು ಎಂದು ಒಮ್ಮೆಯೂ ಯೋಚಿಸಲಿಲ್ಲವಲ್ಲ, ಅದು ನನ್ನ ಹಟ.

ಡಿಸೆಂಬರಿನಲ್ಲಿ ಮತ್ತೊಂದು ಕರೆ ಬಂತು. ಒಂದು ಶಾಲೆಯ ಮಕ್ಕಳು ಸವದತ್ತಿ ಕೋಟೆ ನೋಡಲು ಬರುತ್ತಾರೆ, ರಟ್ಟರ ಬಗ್ಗೆ ನಾಲ್ಕು ನಿಮಿಷದ ಪೀಠಿಕೆ ಹೇಳಬೇಕು. ಹೆಂಡತಿ, ‘ಅದ ಹಾಳಿ ಒಯ್ಯಬ್ಯಾಡ್ರಿ ಮತ್ತ’ ಎಂದಳು. ‘ಹಾಳೆಯಲ್ಲಿ ಏನು ತಪ್ಪಿದೆ’ ಎಂದು ಸಿಟ್ಟಾದೆ. ಸಿಟ್ಟಿನಲ್ಲೇ ಹಾಳೆ ಹಿಡಿದುಕೊಂಡು ಗೆಳೆಯನ ಅಂಗಡಿಗೆ ಹೋದೆ. ತಪ್ಪಿಲ್ಲ ಎಂದು ಅವನ ಬಾಯಿಂದ ಹೇಳಿಸಬೇಕಿತ್ತು.

ಗೆಳೆಯನೂ ನಾನೂ ಒಂದೇ ಸಾಲಿ, ಒಂದೇ ಬೆಂಚು. ಅವನು ಏಳನೆಯತ್ತೆಗೆ ಬಿಟ್ಟ. ಈಗ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಭಂಡಾರ, ಕಾಯಿ, ಹಸಿರು ಬಳೆ, ಊದಿನಕಡ್ಡಿ ಮಾರುತ್ತಾನೆ. ನಾನು ಹೋದಾಗ ಮಹಾರಾಷ್ಟ್ರದ ಒಂದು ಕುಟುಂಬ ಜೋಗುಳಬಾವಿಯ ದಾರಿ ಕೇಳುತ್ತಿತ್ತು. ಅಲ್ಲಿ ಸ್ನಾನ ಮಾಡಿ, ಸತ್ಯವ್ವನ ದರ್ಶನ ತಗೊಂಡು ಗುಡ್ಡ ಹತ್ತುವುದು ಬಹಳ ಮಂದಿಯ ವಾಡಿಕೆ. ಗೆಳೆಯ ದಾರಿ ಹೇಳಿದ. ಅವರು ಹೂಂ ಹೂಂ ಎಂದು ಹೊರಟರು. ಅವನು ಬಿಡಲಿಲ್ಲ. ‘ನಿಲ್ರಿ ಯಜಮಾನ್ರ, ಈಗ ನೀವ ಹೇಳ್ರಿ, ಎತ್ತ ಹೊಂಟ್ರಿ?’ ಎಂದು ಕೇಳಿದ. ಯಜಮಾನರು ಹೇಳಿದ್ದು ಸರಿ ಎದುರು ದಿಕ್ಕು. ಗೆಳೆಯ ಮತ್ತೆ ಹೇಳಿದ. ಈ ಸಲ ಎಡ ಬಲ ಬಿಟ್ಟು, ಅವರ ಕಣ್ಣಿಗೆ ಕಾಣುತ್ತಿದ್ದ ಒಂದು ಬೇವಿನಮರ ತೋರಿಸಿ ಅಲ್ಲಿಂದ ಶುರುಮಾಡಿದ.

‘ಹೂಂ ಅಂದೋರೆಲ್ಲಾ ದಾರಿ ತಪ್ಪತಾರೋ ಮಾಸ್ತರ’ ಎಂದ ನನ್ನ ಕಡೆ ತಿರುಗಿ. ‘ತಿರುಗಿ ಹೇಳಿಸಿದ್ರ ಗೊತ್ತಾಗತೈತಿ.’

ನಾನು ಹಾಳೆ ಬಿಚ್ಚಿ ಮೊದಲ ವಾಕ್ಯ ಓದಿದೆ. ಅದನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ, ನಾಚಿಕೆ ಬಿಟ್ಟು: ‘ಸುಗಂಧವರ್ತಿಯನ್ನು ರಾಜಧಾನಿಯನ್ನಾಗಿಸಿಕೊಂಡು ಕೂಂಡಿ ಮೂರುಸಾವಿರವನ್ನಾಳಿದ ರಟ್ಟ ಮನೆತನದವರು ರಾಷ್ಟ್ರಕೂಟರ ಹಾಗೂ ತದನಂತರ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದು, ಶಕವರ್ಷ 797ರ ಶಾಸನವು ಪೃಥ್ವೀರಾಮನು ಕಟ್ಟಿಸಿದ ಬಸದಿಯನ್ನು ಉಲ್ಲೇಖಿಸುತ್ತದೆ.’

ಓದಿ ಮುಗಿಸಿ, ‘ಹೆಂಗೈತಿ?’ ಎಂದೆ.

‘ಚಲೋ ಐತಿ’ ಎಂದ. ನಾನು ಹಾಳೆ ಮಡಿಚಿದೆ. ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ಈಗಷ್ಟೇ ಅವನು ಹೇಳಿದ ಮಾತು ಕಿವಿಯಲ್ಲಿತ್ತು. ‘ಚಲೋ ಐತಿ ಅಂದ್ಯಲ್ಲ, ಹಂಗಾದ್ರ ಈಗ ನೀ ತಿರುಗಿ ಹೇಳು’ ಎಂದೆ.

ಅವನು ತಲೆ ಕೆರೆದುಕೊಂಡ. ‘ಊದಿನಕಡ್ಡಿ ಮಾಡೂ ಒಂದು ಊರಿತ್ತು. ಹುಬ್ಬಳ್ಳಿ ಮೂರುಸಾವಿರ ಮಠದೋರು ಅದನ್ನ ಆಳತಿದ್ರು. ರಟ್ಟಿ ಗಟ್ಟಿ ಇದ್ದ ಮಂದಿ. ಆಮ್ಯಾಲ ಏಳುನೂರಾ ತೊಂಬತ್ತೇಳು ವರ್ಷದ ಹಿಂದ ನಮ್ಮ ಪರಶುರಾಮ ಒಂದು ಬಸದಿ ಕಟ್ಟಿಸಿದ.’

ನಗು ಬರಬೇಕಿತ್ತು, ಬರಲಿಲ್ಲ. ಪರಶುರಾಮ! ಪೆಂಡಾಲು, ಅಜ್ಜಿಯ ಜೋಡಿಸಿದ ಕೈ, ಉಧೋ ಉಧೋ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಎಲ್ಲವ್ವನ ಗುಡ್ಡದ ಕೆಳಗೆ ನಿಂತು, ಭಂಡಾರ ಹಚ್ಚಿಕೊಂಡ ಜನರ ಮುಂದೆ ‘ಥ್ವೀರಾಮ’ ಎಂದರೆ ಅವರ ಕಿವಿ ಎಲ್ಲವ್ವನ ಮಗನ ಹೆಸರನ್ನಲ್ಲದೆ ಇನ್ನಾವುದನ್ನು ಕೇಳೀತು? ಅಜ್ಜಿ ಗದ್ದಲ ಮಾಡಿರಲಿಲ್ಲ. ಅಷ್ಟೂ ಜನರಲ್ಲಿ ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದವರು ಅವರೊಬ್ಬರೇ.

ಇಲ್ಲಿಯೇ ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಬಿಡಿಸಿ ಹೇಳಲು ಕೂತೆ. ಸುಗಂಧವರ್ತಿ ಅಂದರೆ ನಮ್ಮ ಸವದತ್ತಿಯೇ, ಅದರ ಹಳೆಯ ಹೆಸರು. ಶಕವರ್ಷಕ್ಕೆ 78 ಕೂಡಿಸಿದರೆ ಈಗಿನ ಇಸವಿ ಸಿಗುತ್ತದೆ. ಪೃಥ್ವೀರಾಮ ಬೇರೆ, ಪರಶುರಾಮ ಬೇರೆ. ಇಪ್ಪತ್ತು ನಿಮಿಷ ಪಾಠ. ಆಮೇಲೆ ಅದೇ ವಾಕ್ಯ ಮತ್ತೆ ಓದಿದೆ. ಈಗ ಅವನು ತಪ್ಪಿಲ್ಲದೆ ತಿರುಗಿ ಹೇಳಿದ. ನನಗೆ ಖುಷಿಯೋ ಖುಷಿ. ಅವನೇ ಖುಷಿ ಕೆಡಿಸಿದ: ‘ನೀ ತಿದ್ದಿದ್ದು ನನ್ನನ್ನೋ ಮಾಸ್ತರ. ಹಾಳಿ ಹಂಗ ಐತಿ.’

ನಿಜ. ಒಮ್ಮೆ ಬಿಡಿಸಿ ಹೇಳಿದಿರೆಂದರೆ ಆ ಕಿವಿ ಕೆಟ್ಟಿತು, ಅದು ಇನ್ನು ಪರೀಕ್ಷೆಗೆ ಬರುವುದಿಲ್ಲ. ಸಭೆಯಲ್ಲಿ ಕೂತವರಿಗೆ ಆ ಇಪ್ಪತ್ತು ನಿಮಿಷದ ಪಾಠ ಯಾರು ಹೇಳುತ್ತಾರೆ?

ಹಿಂದೊಮ್ಮೆ ಓದಿದ್ದ ಒಂದು ಪ್ರಯೋಗ ಆ ರಾತ್ರಿ ನೆನಪಾಯಿತು. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಕೆಲವರಿಗೆ ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಲು ಹೇಳಿದಳು. ಎದುರು ಕೂತವರು ಹಾಡು ಯಾವುದೆಂದು ಗುರುತಿಸಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ಕುಟ್ಟುವವರ ಅಂದಾಜು. ಗುರುತಿಸಿದ್ದು 120ರಲ್ಲಿ ಮೂರೇ ಮೂರು. ಕುಟ್ಟುವವನ ತಲೆಯಲ್ಲಿ ಹಾಡು ಪೂರ್ತಿ ನಡೆದಿರುತ್ತದೆ, ಕೇಳುವವನಿಗೆ ಸಿಗುವುದು ಬರೀ ಟಕ್ ಟಕ್. ನಾನು ಮೇಜು ಕುಟ್ಟುತ್ತ ನಿಂತಿದ್ದೆ. ‘ಸುಗಂಧವರ್ತಿ’ ಎಂದಾಗ ನನ್ನ ತಲೆಯಲ್ಲಿ ಸವದತ್ತಿ ಕಾಣುತ್ತಿತ್ತು, ಗೆಳೆಯನಿಗೆ ತನ್ನ ಅಂಗಡಿಯ ಊದಿನಕಡ್ಡಿ ಕಾಣುತ್ತಿತ್ತು. ಮೇಲಾಗಿ ಓದುವವನಿಗೆ ಹಿಂದಿನ ಸಾಲಿಗೆ ಕಣ್ಣು ತಿರುಗಿಸುವ ಅನುಕೂಲ ಇದೆ. ಕೇಳುವವನಿಗೆ ಅದೂ ಇಲ್ಲ.

ಮರುದಿನದಿಂದ ತಿದ್ದಲು ಕೂತೆ. ಗೆಳೆಯ ಹೇಳಿದ್ದನ್ನೆಲ್ಲ ಅವನ ಮಾತಿನಲ್ಲೇ ಹಾಳೆಯ ಎಡಬದಿಗೆ ಬರೆದುಕೊಂಡೆ. ‘ಊದಿನಕಡ್ಡಿ’ ಎಂದರೆ ಊದಿನಕಡ್ಡಿ ಎಂದೇ. ‘ಹೆಸರಿನ ಬಗ್ಗೆ ಗೊಂದಲ’ ಎಂದು ಬರೆದುಕೊಂಡಿದ್ದರೆ ಏನು ತಿದ್ದಬೇಕೆಂದು ತಿಳಿಯುತ್ತಿರಲಿಲ್ಲ. ಊದಿನಕಡ್ಡಿ ಎಂದು ಬರೆದ ಕಾರಣ, ಹೊಸ ಹೆಸರಿಗಿಂತ ಮೊದಲು ಗೊತ್ತಿರುವ ಹೆಸರು ಬರಬೇಕು ಎಂದು ಹೊಳೆಯಿತು. ಬೇವಿನಮರದಿಂದ ದಾರಿ ಶುರುಮಾಡಿದ ಹಾಗೆ.

ಶಕವರ್ಷದ ಕಥೆ ಇನ್ನೂ ಸ್ವಾರಸ್ಯ. 797 ಎಂದದ್ದನ್ನು ಅವನು 797 ವರ್ಷಗಳ ಹಿಂದೆ ಎಂದು ತಿಳಿದಿದ್ದ. 2025ರಿಂದ 797 ಕಳೆಯಿರಿ, 1228 ಬರುತ್ತದೆ. ಅದು ಎರಡನೆಯ ಲಕ್ಷ್ಮೀದೇವನ ಕಾಲ, ರಟ್ಟರ ಕೊನೆಯ ದಿನಗಳು. ಮುಂದೆ ಸ್ವಲ್ಪದರಲ್ಲೇ ದೇವಗಿರಿಯ ಯಾದವರು ಅವರನ್ನು ಮುಗಿಸಿದರು. ನಾನು ಹೇಳಲು ಹೊರಟದ್ದು ಮನೆತನದ ಹುಟ್ಟು, ಅವನಿಗೆ ಕೇಳಿಸಿದ್ದು ಸಾವು. ನಡುವೆ ಮೂರೂವರೆ ಶತಮಾನ. ಇದರಲ್ಲಿ ಭಯಪಡುವ ಸಂಗತಿ ಏನೆಂದರೆ, ಅವನು ಗೊಂದಲದ ಮುಖ ಮಾಡಿರಲಿಲ್ಲ. ಪೂರ್ತಿ ಅರ್ಥವಾಯಿತೆಂಬ ಮುಖ ಮಾಡಿದ್ದ. ಅರ್ಥವಾಗದಿದ್ದರೆ ಕೇಳುಗ ಕೇಳಿಯಾನು. ತಪ್ಪಾಗಿ ಅರ್ಥವಾದರೆ ಸುಮ್ಮನೆ ತಲೆಯಾಡಿಸುತ್ತಾನೆ, ನಮಗೂ ಗೊತ್ತಾಗುವುದಿಲ್ಲ. ಶಕವರ್ಷ ತೆಗೆದು ‘ಇಂದಿಗೆ 1150 ವರ್ಷಗಳ ಹಿಂದೆ’ ಎಂದು ಬರೆದೆ. ವಿದ್ವಾಂಸರ ಸಭೆಯಲ್ಲಾದರೆ ಶಕವರ್ಷ ಬೇಕು, ಕೋಟೆಯ ಬಾಗಿಲಲ್ಲಿ ನಿಂತ ಮಕ್ಕಳಿಗೆ ಬೇಡ.

ಮೂರುಸಾವಿರದ ಮುಂದೆ ಮಾತ್ರ ನನ್ನ ಪೆನ್ನು ನಿಂತಿತು. ಅಂಗಡಿಯಲ್ಲಿ ಗೆಳೆಯ ಕೇಳಿದ್ದ: ‘ಮಠ ಅಲ್ಲಂದ್ರ, ಮೂರು ಸಾವಿರ ಏನು? ಹಳ್ಳಿ? ರೊಕ್ಕ?’ ನಾನು ‘ಅದೊಂದು ನಾಡಿನ ಹೆಸರು’ ಎಂದು ಜಾರಿಕೊಂಡಿದ್ದೆ. ಹಳೆಯ ನಾಡುಗಳ ಹೆಸರಿಗೆ ಅಂಟಿದ ಇಂಥ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಅಂದರೆ ನಾನೇ ಬಿಡಿಸಿ ಹೇಳಲಾರದ ಒಂದು ಮಾತನ್ನು ಇಷ್ಟು ವರ್ಷ ಗಂಭೀರ ದನಿಯಲ್ಲಿ ಓದಿಕೊಂಡು ಬಂದಿದ್ದೆ. ಕೇಳುಗ ಎಡವುವ ಜಾಗಗಳಲ್ಲಿ ಕೆಲವು ಅವನ ಕಿವಿಯ ತೊಂದರೆ, ಕೆಲವು ನನ್ನ ಮಾತಿನ ತೊಂದರೆ. ಇದು ನನ್ನ ತಿಳಿವಳಿಕೆಯಲ್ಲೇ ಇದ್ದ ತಗ್ಗು. ಮೇಲೆ ಹುಲ್ಲು ಹಾಸಿ ಮುಚ್ಚಿದ್ದೆ, ಗೆಳೆಯ ಅದರಲ್ಲಿ ಕಾಲಿಟ್ಟ. ಪದ ಬದಲಿಸಿ ಇದನ್ನು ಸರಿಮಾಡಲು ಬರುವುದಿಲ್ಲ. ಕೂಂಡಿಯನ್ನೇ ತೆಗೆದೆ. ತೆಗೆದ ಮೇಲೆ ಪೀಠಿಕೆಗೆ ಏನೂ ಕಡಿಮೆಯಾಗಲಿಲ್ಲ.

ಉಳಿದವನು ಪೃಥ್ವೀರಾಮ. ಅವನನ್ನು ಬಿಡುವಂತಿಲ್ಲ, ಅವನೇ ಕಥೆ. ಮೊದಲು ಹೀಗೆ ಬರೆದೆ: ‘ಪೃಥ್ವೀರಾಮ ಎಂದರೆ ಪರಶುರಾಮ ಅಲ್ಲ, ಬೇರೆ.’ ಗೆಳೆಯನ ಕಿವಿ ಕೆಟ್ಟಿತ್ತಲ್ಲ, ಅವನ ಸೊಸೆಗೆ ಓದಿದೆ. ಆಕೆ ನನ್ನದೇ ವಿದ್ಯಾರ್ಥಿನಿ. ತಿರುಗಿ ಹೇಳು ಎಂದರೆ ಎದ್ದು ನಿಂತು ಕೈಕಟ್ಟಿ, ‘ಭಾಳ ಚಲೋ ಐತ್ರಿ ಸರ್ರ’ ಎಂದಳು. ‘ಕುಂಡ್ರವಾ, ಇದು ನಿನ್ನ ಪರೀಕ್ಷಾ ಅಲ್ಲ, ನಂದು. ನೀ ತಪ್ಪಿದ್ರ ನಾ ಫೇಲು’ ಎಂದ ಮೇಲೆ ಬಾಯಿಬಿಟ್ಟಳು. ‘ಸವದತ್ತಿಗೆ ಸುಗಂಧವರ್ತಿ ಅಂತಿದ್ರು ರೀ. ರಟ್ಟರು ಅಂತ ಇದ್ರು ರೀ. ಪರಶುರಾಮಂದೂ ಏನೋ ಹೇಳಿದ್ರಿ.’ ಉಳಿದದ್ದೆಲ್ಲ ಸರಿ, ಪರಶುರಾಮ ಮಾತ್ರ ಜಾಗ ಬಿಟ್ಟಿರಲಿಲ್ಲ. ‘ಅಲ್ಲ’ ಎಂದು ಹೇಳಲು ಹೋಗಿ ನಾನೇ ಅವನನ್ನು ಕರೆದು ಮುಂದೆ ಕೂರಿಸಿದ್ದೆ.

ಮದ್ದು ಕೊಟ್ಟವನು ಗೆಳೆಯ, ಆದರೆ ಅವನು ಕೊಟ್ಟ ರೂಪದಲ್ಲಿ ಅಲ್ಲ. ‘ಆ ರಾಜನ್ನ ಬಿಡು, ಎಲ್ಲವ್ವನ ಕಥೀನ ಹೇಳು, ಮಂದಿ ಕೇಳತಾರ’ ಎಂದ. ಕೇಳುತ್ತಾರೆ, ನಿಜ, ಆದರೆ ನಾನು ಹೇಳಬೇಕಾದದ್ದು ಅದಲ್ಲ. ಕೇಳುಗ ಎಲ್ಲಿ ಎಡವಿದ ಎಂಬುದನ್ನು ಪೂರ್ತಿ ನಂಬಬೇಕು. ಹೇಗೆ ತಿದ್ದಬೇಕು ಎಂದು ಅವನು ಹೇಳಿದ್ದನ್ನು ತೂಗಿ ನೋಡಬೇಕು. ಅವನ ಮಾತಿನ ಒಳಗಿದ್ದ ದೂರು ಏನು? ಹೆಸರು ಬರುವಾಗ ಆ ಮನುಷ್ಯ ಯಾರೆಂದು ಗೊತ್ತಿರುವುದಿಲ್ಲ, ಹಾಗಾಗಿ ಕಿವಿ ಗೊತ್ತಿದ್ದ ಮನುಷ್ಯನನ್ನು ತಂದು ಅಲ್ಲಿ ಕೂರಿಸಿಕೊಳ್ಳುತ್ತದೆ. ಮನುಷ್ಯನನ್ನು ಮೊದಲು ನಿಲ್ಲಿಸಿ ಆಮೇಲೆ ಹೆಸರಿಟ್ಟರೆ? ಮೂರನೆಯ ಸಲ ಹೀಗಾಯಿತು:

‘ನೀವು ನಿಂತಿರುವ ಈ ಸವದತ್ತಿಗೆ ಹಿಂದೆ ಸುಗಂಧವರ್ತಿ ಎಂಬ ಹೆಸರಿತ್ತು. ಬೆಳಗಾವಿಗಿಂತ ಮೊದಲು ಇದೇ ರಾಜಧಾನಿ. ಇಲ್ಲಿಂದ ಆಳಿದ ಮನೆತನದವರು ರಟ್ಟರು. ಅವರು ದೊಡ್ಡ ಚಕ್ರವರ್ತಿಗಳ ಕೈಕೆಳಗಿನ ಅರಸರು. ಇಂದಿಗೆ 1150 ವರ್ಷಗಳ ಹಿಂದೆ, ರಟ್ಟರ ಒಬ್ಬ ಅರಸ ಈ ಊರಲ್ಲಿ ಜೈನರ ಗುಡಿಯೊಂದನ್ನು, ಅಂದರೆ ಬಸದಿಯನ್ನು ಕಟ್ಟಿಸಿದ. ಆ ಸಂಗತಿಯನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಆ ಅರಸನ ಹೆಸರು ಪೃಥ್ವೀರಾಮ. ಎಲ್ಲವ್ವನ ಮಗನಲ್ಲ, ರಟ್ಟರ ಮಗ.’

ಒಂದು ವಾಕ್ಯ ಎಂಟಾಯಿತು. ಉದ್ದವೂ ಆಯಿತು, ಅದನ್ನು ಒಪ್ಪುತ್ತೇನೆ. ತಿಳಿಯಾಗಿಸುವುದೆಂದರೆ ಚಿಕ್ಕದಾಗಿಸುವುದು ಎಂದು ನಾನೂ ಅಂದುಕೊಂಡಿದ್ದೆ. ಸಮಯ ಹೊಂದಿಸಲು ಪ್ರಾಸ್ತಾವಿಕದ ಉಳಿದ ಮೂರು ಪುಟದಲ್ಲಿ ಎರಡನ್ನು ಬಿಸಾಡಬೇಕಾಯಿತು. ನಾಲ್ಕು ಜನ ಕಾರ್ತವೀರ್ಯರಲ್ಲಿ ನಾಲ್ಕನೆಯವನೊಬ್ಬನೇ ಉಳಿದ. ಅವನ ಕಾಲದಲ್ಲಿ, 1204ರಲ್ಲಿ, ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಎದ್ದಿತು. ಮಕ್ಕಳು ಬಸ್ಸು ಹತ್ತಿ ಹೋಗಿ ನೋಡಬಹುದಾದ ಕಟ್ಟಡ ಅದು.

‘ಶಾಸನ’ ಎಂಬ ಪದ ಹಾರಿಹೋದದ್ದನ್ನೂ ಗಮನಿಸಿರಬಹುದು. ಅದು ಮೂರನೆಯ ಕೇಳುಗನ ಕೊಡುಗೆ. ರಾಮದುರ್ಗದಿಂದ ಭಕ್ತರನ್ನು ಕರೆತಂದು ಅಂಗಡಿ ಮುಂದೆ ಕಾಯುತ್ತಿದ್ದ ಟೆಂಪೋ ಚಾಲಕ ಆತ. ನನ್ನ ಗುರುತು ಅವನಿಗಿಲ್ಲ, ಹಾಗಾಗಿ ಮುಲಾಜೂ ಇಲ್ಲ. ಆಗ ನನ್ನ ಕರಡಿನಲ್ಲಿ ‘ಆ ಸಂಗತಿ ಶಾಸನದಲ್ಲಿದೆ’ ಎಂದಿತ್ತು. ಅವನು ತಿರುಗಿ ಹೇಳಿದ: ‘ಗುಡಿ ಕಟ್ಟಿಸಿದ್ದಕ್ಕ ಏನೋ ಕಾಯ್ದೆ ಮಾಡ್ಯಾರಂತ್ರಿ.’ ಶಾಸನ ಎಂದರೆ ಅವನಿಗೆ ಶಾಸಕರ ಕೆಲಸ, ಅದೂ ಸರಿಯೇ. ಕಲ್ಲು ಎಂದು ಬದಲಿಸಿದೆ.

ಹೀಗೆ ಮೂರು ಕಿವಿ. ಮೊದಲನೆಯದು ಐದು ತಪ್ಪು ಹಿಡಿಯಿತು, ಎರಡನೆಯದು ಒಂದು, ಮೂರನೆಯದು ಒಂದು. ಅಲ್ಲಿಗೆ ನಿಲ್ಲಿಸಿದೆ. ಉಪಾಯ ಕೇಳುವವರಿಗೆ ನನ್ನ ಹತ್ತಿರ ಹೆಚ್ಚೇನಿಲ್ಲ. ಹಾಳೆಯನ್ನು ಗೆಳೆಯನ ಕೈಗೆ ಕೊಡಬೇಡಿ. ಓದಿದವನ ಅಭಿಪ್ರಾಯ ಬೇರೆ, ಕೇಳಿದವನದು ಬೇರೆ. ಒಂದೇ ಸಲ, ಸಭೆಯಲ್ಲಿ ಹೇಳುವ ವೇಗದಲ್ಲೇ ಹೇಳಿ. ಅವನು ಒಂದು ಗಿರಾಕಿ ಮುಗಿಸಿ ಬರಲಿ, ಆಮೇಲೆ ತಿರುಗಿ ಹೇಳಿಸಿ. ಅವನು ಹೇಳುವಾಗ ನಿಮ್ಮ ಬಾಯಿ ಮುಚ್ಚಿರಲಿ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ತಿದ್ದಿದ್ದನ್ನು ಹೊಸಬರಿಗೆ ಕೇಳಿಸಿ.

ಕೋಟೆಯ ಬಾಗಿಲಲ್ಲಿ ಮಕ್ಕಳ ಮುಂದೆ ನಾಲ್ಕು ನಿಮಿಷ ಮಾತಾಡಿದೆ. ಮೈಕು ಇರಲಿಲ್ಲ, ಹಾಗಾಗಿ ಬಂದ್ ಮಾಡುವವರೂ ಇರಲಿಲ್ಲ. ಯಾರೂ ಉಧೋ ಅನ್ನಲಿಲ್ಲ. ಮುಗಿದ ಮೇಲೆ ಹಿಂದೆ ನಿಂತಿದ್ದ ಒಬ್ಬ ಹುಡುಗನನ್ನು ಕರೆದು ತಿರುಗಿ ಹೇಳು ಎಂದೆ. ಸವದತ್ತಿ ಎಂದ, ರಟ್ಟರು ಎಂದ, ಬಸದಿ ಎಂದ, ಪೃಥ್ವೀರಾಮ ಎಂದು ಥ್ವೀ ಸಮೇತ ಹೇಳಿದ. ಹೇಳಿ ಹೋಗಲಿಲ್ಲ, ನಿಂತ.

‘ಸರ್ರ, ರಟ್ಟರ ಮಗ ಅಂದ್ರಿ. ಅವರಪ್ಪನ ಹೆಸರೇನ್ರಿ?’

ಮೇರಡ. ಬಿಸಾಡಿದ ಎರಡು ಪುಟದಲ್ಲಿ ಆ ಹೆಸರಿತ್ತು.